ಒಂದು ನ್ಯೂನತೆಗೆ ಎರಡು ಗಡುವು: ಆಸ್ಪತ್ರೆಯ ಫೈರ್ ಆಡಿಟ್ ವರದಿಯನ್ನು ಬರೆಯುವ, ಓದುವ ಬಗೆ

(ದಾವಣಗೆರೆಯಲ್ಲಿ ನರ್ಸಿಂಗ್ ಹೋಂ ಆಡಳಿತ ನೋಡುವವರು, ನರ್ಸಿಂಗ್ ಮೇಲ್ವಿಚಾರಕರು ಮತ್ತು ಮೇಂಟೆನೆನ್ಸ್ ಸಿಬ್ಬಂದಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ನಿಮ್ಮಲ್ಲಿ ಬಹಳ ಜನರ ಕಪಾಟಿನಲ್ಲಿ ಒಂದು ಫೈರ್ ಆಡಿಟ್ ವರದಿ ಇರುತ್ತದೆ. ಅದನ್ನು ತೆಗೆದು ನೋಡಿ. ಎಡಗಡೆ ಕ್ರಮಸಂಖ್ಯೆ, ಆಮೇಲೆ ಜಾಗ, ನ್ಯೂನತೆ, ಆದ್ಯತೆ, ಗಡುವು. ನೋಡಲು ಅಚ್ಚುಕಟ್ಟು. ನೆಲಮಹಡಿಯ ನ್ಯೂನತೆಗಳು ಒಂದು ಕಡೆ, ಐಸಿಯುದ್ದು ಒಂದು ಕಡೆ, ಮೆಟ್ಟಿಲಿನದ್ದು ಇನ್ನೊಂದು ಕಡೆ. ಕೆಲಸ ಹಂಚಲು ಇದು ಅನುಕೂಲ, ಅಲ್ಲಗಳೆಯುವುದಿಲ್ಲ. ತೊಡಕು ಏನೆಂದರೆ ಹೊಗೆ ನಮ್ಮ ಪಟ್ಟಿಯ ಪ್ರಕಾರ ಓಡಾಡುವುದಿಲ್ಲ. ವಿದ್ಯುತ್ ಪ್ಯಾನಲ್‌ನಲ್ಲಿ ಹುಟ್ಟಿ, ಡಕ್ಟ್‌ನಲ್ಲಿ ಹತ್ತಿ, ಮೆಟ್ಟಿಲಿಗೆ ಬಂದು, ರೋಗಿಯ ಹಾಸಿಗೆ ತಲುಪುತ್ತದೆ. ಆ ಒಂದು ದಾರಿ ನಮ್ಮ ವರದಿಯಲ್ಲಿ ನಾಲ್ಕು ಪುಟಗಳಿಗೆ ಹರಿದು ಹಂಚಿಹೋಗಿರುತ್ತದೆ. ಪ್ರತಿ ತುಂಡೂ ಸಣ್ಣದಾಗಿ ಕಾಣುತ್ತದೆ, ಹಾಗಾಗಿ ಪ್ರತಿ ತುಂಡಿಗೂ ಸಾವಧಾನದ ಗಡುವು ಬೀಳುತ್ತದೆ.

2011ರ ಡಿಸೆಂಬರ್ 9ರಂದು ಕೋಲ್ಕತ್ತದ ಧಾಕುರಿಯಾದ ಆಸ್ಪತ್ರೆಯಲ್ಲಿ ಬೆಂಕಿ ಹೊತ್ತಿದ್ದು ನೆಲಮಾಳಿಗೆಯಲ್ಲಿ. ಸತ್ತವರು ತೊಂಬತ್ತರ ಆಸುಪಾಸು, ಹೆಚ್ಚಿನವರು ಮೇಲಿನ ಮಹಡಿಗಳ ರೋಗಿಗಳು. ಅವರನ್ನು ಕೊಂದದ್ದು ಜ್ವಾಲೆಯಲ್ಲ, ಹೊಗೆ. ಆದ್ದರಿಂದ ಆದ್ಯತೆ ಹಾಕುವಾಗ "ಇಲ್ಲಿ ಬೆಂಕಿ ಹೊತ್ತುತ್ತದೆಯೇ" ಎಂಬ ಒಂದೇ ಪ್ರಶ್ನೆ ಸಾಲದು. ಹೊತ್ತಿದರೆ ಹೊಗೆ ಎಲ್ಲಿಗೆ ಹೋಗುತ್ತದೆ, ಅಲ್ಲಿರುವ ರೋಗಿ ಎದ್ದು ನಡೆಯಬಲ್ಲನೇ ಎಂದೂ ಕೇಳಬೇಕು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಎಂಸಿಸಿ ಬಿ ಬ್ಲಾಕ್ ಕಡೆ ಕಾಣುವಂಥ, ಮನೆ ನಿವೇಶನದಲ್ಲಿ ಎದ್ದ ನೆಲ ಮತ್ತು ಮೂರು ಮಹಡಿಯ, 60 ಹಾಸಿಗೆಯ ಆಸ್ಪತ್ರೆ. ನೆಲಮಹಡಿಯಲ್ಲಿ ಓಪಿಡಿ, ಔಷಧಿ ಅಂಗಡಿ, ಹಿಂದುಗಡೆ ಆಕ್ಸಿಜನ್ ಸಿಲಿಂಡರ್ ಕೋಣೆ. ಒಂದನೆಯ ಮಹಡಿಯಲ್ಲಿ ಜನರಲ್ ವಾರ್ಡು. ಎರಡನೆಯದರಲ್ಲಿ ಆಪರೇಷನ್ ಥಿಯೇಟರ್, ಎಂಟು ಹಾಸಿಗೆಯ ಐಸಿಯು. ಮೂರನೆಯದರಲ್ಲಿ ಸ್ಪೆಷಲ್ ರೂಮುಗಳು, ಆಪರೇಷನ್ ಆದವರು ಅಲ್ಲಿ. ಮೆಟ್ಟಿಲು ಎರಡು. ಒಂದು ಎಲ್ಲರೂ ಬಳಸುವುದು, ಇನ್ನೊಂದರಲ್ಲಿ ಸಲೈನ್ ಪೆಟ್ಟಿಗೆ, ಮುರಿದ ಮಂಚ, ಹಳೆಯ ಹಾಸಿಗೆ ಪೇರಿಸಿಟ್ಟಿದೆ.

ಇದರ ವರದಿಯಲ್ಲಿ ನಾಲ್ಕು ಸಾಲು ಬೇರೆ ಬೇರೆ ಕಡೆ ಹೀಗೆ ಬಂದಿವೆ ಎನ್ನಿ. ಆರನೆಯದು: ಐಸಿಯು ಹೊರಗಿನ ಪ್ಯಾನಲ್‌ನಲ್ಲಿ ಒಂದು ಟರ್ಮಿನಲ್ ಬಿಸಿ, ಎಸಿ ಲೈನಿಗೆ ದೊಡ್ಡ ಎಂಸಿಬಿ, ಎರಡನೆಯ ಆದ್ಯತೆ, 30 ದಿನ. ಹದಿನಾಲ್ಕನೆಯದು: ಡಕ್ಟ್‌ನ ಸ್ಲ್ಯಾಬ್ ರಂಧ್ರ ಮುಚ್ಚಿಲ್ಲ, ಎರಡನೆಯ ಆದ್ಯತೆ, 60 ದಿನ. ಹತ್ತೊಂಬತ್ತನೆಯದು: ಮೂರನೆಯ ಮಹಡಿಯ ಮೆಟ್ಟಿಲ ಬಾಗಿಲಿನ ಕ್ಲೋಸರ್ ಕೆಟ್ಟಿದೆ, ಮೂರನೆಯ ಆದ್ಯತೆ, 90 ದಿನ. ಇಪ್ಪತ್ತೆರಡನೆಯದು: ಎರಡನೆಯ ಮೆಟ್ಟಿಲಿನಲ್ಲಿ ಸಾಮಾನು, ಎರಡನೆಯ ಆದ್ಯತೆ, 30 ದಿನ.

ಈ ನಾಲ್ಕನ್ನೂ ಒಂದು ದಾರದಲ್ಲಿ ಪೋಣಿಸಿ ನೋಡಿ. ಪ್ಯಾನಲ್ ಸುಟ್ಟರೆ ಹೊಗೆ ಡಕ್ಟ್ ಹಿಡಿದು ಮೂರನೆಯ ಮಹಡಿಗೆ, ಅಲ್ಲಿಂದ ಬಾಗಿಲು ಮುಚ್ಚದ ಮುಖ್ಯ ಮೆಟ್ಟಿಲಿಗೆ. ಉಳಿದ ಮೆಟ್ಟಿಲಿನಲ್ಲಿ ಕಾಲಿಡಲು ಜಾಗವಿಲ್ಲ. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡವರು ಮೇಲೆಯೇ ಉಳಿದರು. ಹೀಗೆ ನೋಡಿದಾಗ ನಾಲ್ಕೂ ಮೊದಲ ಆದ್ಯತೆಯವು. ವರದಿಯಲ್ಲಿ ಜಾಗವಾರು ಪಟ್ಟಿ ಇರಲಿ, ಅದರ ಪಕ್ಕದಲ್ಲಿ "ಇದಕ್ಕೆ ಸೇರಿದ ಇತರ ಸಂಖ್ಯೆಗಳು" ಎಂಬ ಒಂದು ಕಲಂ ಸೇರಿಸಿ. ಆರನೆಯ ಸಾಲಿನಲ್ಲಿ 14, 19, 22 ಎಂದು ಬರೆದರೆ ಸಾಕು. ಒಂದು ಸರಪಳಿಯಲ್ಲಿ ಬಂದ ಎಲ್ಲ ಸಾಲಿಗೂ ಆ ಇಡೀ ಸರಪಳಿಯ ಆದ್ಯತೆಯೇ ಸಲ್ಲುತ್ತದೆ.

ಇನ್ನು ಗಡುವಿನ ಮಾತು. "ಮೊದಲ ಆದ್ಯತೆ, ತಕ್ಷಣ" ಎಂದು ಬರೆಯುವುದು ಸುಲಭ. ಹೊಸ ಲೈನ್ ಎಳೆಯಲು ಐಸಿಯು ಖಾಲಿ ಮಾಡಬೇಕು, ಕೊಟೇಶನ್ ತರಿಸಬೇಕು, ಟ್ರಸ್ಟ್‌ನ ಸಭೆ ತಿಂಗಳಿಗೊಮ್ಮೆ. "ತಕ್ಷಣ" ಎಂಬ ಪದ ಮೂರು ತಿಂಗಳು ಫೈಲಿನಲ್ಲೇ ಕುಳಿತಿರುತ್ತದೆ, ಅಷ್ಟೂ ದಿನ ರೋಗಿ ಅದೇ ಅಪಾಯದ ಕೆಳಗೆ ಮಲಗಿರುತ್ತಾನೆ. ಅದಕ್ಕೆ ಪ್ರತಿ ಗಂಭೀರ ನ್ಯೂನತೆಗೆ ಎರಡು ದಿನಾಂಕ ಬೇಕು. ಒಂದು, ಅಪಾಯವನ್ನು ತಾತ್ಕಾಲಿಕವಾಗಿ ತಗ್ಗಿಸುವ ದಿನಾಂಕ. ಇದು ಗಂಟೆಗಳ ಲೆಕ್ಕದಲ್ಲಿರಬೇಕು, ಹಣ ಮಂಜೂರಾತಿಗೆ ಕಾಯುವಂತಿರಬಾರದು. ಎರಡು, ಶಾಶ್ವತವಾಗಿ ಸರಿಪಡಿಸುವ ದಿನಾಂಕ. ಇದು ನಿಜವಾಗಿ ಸಾಧ್ಯವಾಗುವಂತಿರಬೇಕು.

ಆರನೆಯ ಸಾಲನ್ನೇ ಬಿಡಿಸೋಣ. ಐಸಿಯುನಲ್ಲಿ ಎರಡು ಟನ್ನಿನ ಎರಡು ಎಸಿಗಳು ಒಂದೇ 2.5 ಚದರ ಮಿ.ಮೀ. ತಾಮ್ರದ ವೈರಿನ ಮೇಲೆ ಓಡುತ್ತಿವೆ. ಒಂದೊಂದೂ ಸುಮಾರು 10 ಆಂಪಿಯರ್ ಎಳೆಯುತ್ತದೆ. ಪೈಪಿನೊಳಗಿನ ಆ ವೈರು ಹೊರಬಲ್ಲದ್ದು 20 ಆಂಪಿಯರ್ ಆಸುಪಾಸು. ಒಂದೇ ಪೈಪಿನಲ್ಲಿ ನಾಲ್ಕಾರು ವೈರು ಇದ್ದು ನಮ್ಮ ಏಪ್ರಿಲ್ ಬಿಸಿಲೂ ಸೇರಿದರೆ ಇನ್ನೂ ಕಡಿಮೆ. ಮೊದಲು ಅಲ್ಲಿದ್ದದ್ದು 20 ಆಂಪಿಯರ್ ಎಂಸಿಬಿ. ಹೊರಘಟಕಕ್ಕೆ ಧೂಳು ಕಟ್ಟಿ ಎಸಿಗಳು ಹೆಚ್ಚು ಕರೆಂಟು ಎಳೆಯತೊಡಗಿದಾಗ ಮಧ್ಯಾಹ್ನ ಅದು ಬೀಳಲು ಶುರುವಾಯಿತು. "ಪದೇ ಪದೇ ಟ್ರಿಪ್ ಆಗ್ತಿತ್ತು ಸರ್, ಅದಕ್ಕೆ ದೊಡ್ಡದು ಹಾಕೀನಿ" ಎನ್ನುತ್ತಾನೆ ಎಲೆಕ್ಟ್ರಿಷಿಯನ್. ಈಗ ಅಲ್ಲಿ 32 ಆಂಪಿಯರ್ ಇದೆ. ಎಂಸಿಬಿ ಇರುವುದು ಎಸಿಯನ್ನು ಕಾಯಲು ಅಲ್ಲ, ವೈರನ್ನು ಕಾಯಲು. 32ರ ಎಂಸಿಬಿ ಅದರ 1.13 ಪಟ್ಟಿನ ತನಕ, ಅಂದರೆ ಸುಮಾರು 36 ಆಂಪಿಯರ್ ತನಕ ಒಂದು ಗಂಟೆಯವರೆಗೆ ಬೀಳದಂತೆಯೇ ಮಾಡಿದ್ದು, 1.45 ಪಟ್ಟು, ಅಂದರೆ 46 ಆಂಪಿಯರ್ ಹರಿದಾಗ ಒಂದು ಗಂಟೆಯೊಳಗೆ ಬಿದ್ದರಾಯಿತು ಎಂಬುದು ಅದರ ನಿಯಮ. ಅದೇ ಲೈನಿನ ಪಾಯಿಂಟಿಗೆ ಯಾರೋ ನೀರು ಕಾಯಿಸುವ ಕೆಟಲ್ ಚುಚ್ಚಿದರೂ ಎಂಸಿಬಿ ಸುಮ್ಮನಿರುತ್ತದೆ, ಗೋಡೆಯೊಳಗೆ ವೈರಿನ ಹೊದಿಕೆ ಬೇಯುತ್ತಿರುತ್ತದೆ.

ಟರ್ಮಿನಲ್ ಬಿಸಿಯನ್ನು ಥರ್ಮಲ್ ಕ್ಯಾಮೆರಾದಿಂದ ನೋಡುತ್ತಾರೆ. ಇಲ್ಲಿ ಆಡಿಟ್ ಮಾಡುವವರದ್ದೇ ಒಂದು ತಪ್ಪು ಪದೇ ಪದೇ ಕಾಣುತ್ತದೆ: ಬೆಳಗ್ಗೆ ಎಂಟಕ್ಕೆ ಬಂದು, ಲೋಡ್ ಇಲ್ಲದಾಗ ಚಿತ್ರ ತೆಗೆದು, ಎಲ್ಲ ಸರಿಯಿದೆ ಎಂದು ಬರೆಯುವುದು. ಪೂರ್ಣ ಲೋಡಿನ ಕನಿಷ್ಠ ಶೇ. 40ರಷ್ಟಾದರೂ ಹರಿಯುತ್ತಿರಬೇಕು, ಇಲ್ಲವಾದರೆ ಸಡಿಲ ಜೋಡಣೆಯೂ ತಣ್ಣಗೇ ಕಾಣುತ್ತದೆ. ಒಂದೇ ಲೋಡ್ ಹೊತ್ತ ಮೂರು ಫೇಸ್‌ಗಳಲ್ಲಿ ಎರಡು ಒಂದೇ ಬಿಸಿಯಿದ್ದು ಮೂರನೆಯದು 15 ಡಿಗ್ರಿಗಿಂತ ಹೆಚ್ಚು ಬಿಸಿಯಿದ್ದರೆ ಅದು ಕಾಯುವ ವಿಷಯವಲ್ಲ. ಚಿತ್ರದ ಪಕ್ಕದಲ್ಲಿ ಕ್ಲ್ಯಾಂಪ್ ಮೀಟರ್ ತೋರಿಸಿದ ಆಂಪಿಯರ್, ಸಮಯ ಎರಡೂ ಇರಬೇಕು. ಅವಿಲ್ಲದ ಬಣ್ಣದ ಚಿತ್ರ ವರದಿಗೆ ಅಲಂಕಾರವಷ್ಟೇ.

ಈಗ ಆ ಸಾಲು ಹೀಗಾಗುತ್ತದೆ:

> ಕ್ರ. ಸಂ. 6. ಜಾಗ: ಎರಡನೆಯ ಮಹಡಿ, ಐಸಿಯು ಹೊರಗಿನ ಪ್ಯಾನಲ್. ಸೇರಿದ ಸಾಲುಗಳು: 14, 19, 22. ಆದ್ಯತೆ: ಒಂದು.
>
> ತಾತ್ಕಾಲಿಕ ಕ್ರಮ, 24 ಗಂಟೆ: 20 ಆಂಪಿಯರ್ ಎಂಸಿಬಿ ಮರಳಿ ಹಾಕುವುದು, ಆ ಲೈನಿನ ಒಂದು ಎಸಿಯ ಸಂಪರ್ಕ ತೆಗೆಯುವುದು, ಲೈನಿನ ಇತರ ಪಾಯಿಂಟ್ ಮುಚ್ಚುವುದು, ಪ್ಯಾನಲ್ ಬಂದ್ ಮಾಡಿ ಟರ್ಮಿನಲ್ ಬಿಗಿ ಮಾಡುವುದು, ಸುಟ್ಟ ಲಗ್ ಬದಲಿಸುವುದು. ಹೊಣೆ: ಮೇಂಟೆನೆನ್ಸ್ ಮೇಲ್ವಿಚಾರಕ.
>
> ಶಾಶ್ವತ ಕ್ರಮ, 21 ದಿನ: ಎರಡೂ ಎಸಿಗಳಿಗೆ ಬೇರೆ ಬೇರೆ 4 ಚ.ಮಿ.ಮೀ. ಲೈನ್, ತಲಾ 20 ಆಂಪಿಯರ್ ಎಂಸಿಬಿ. ಹೊಣೆ: ಆಡಳಿತಾಧಿಕಾರಿ.
>
> ಮುಗಿದದ್ದಕ್ಕೆ ಸಾಕ್ಷಿ: ಮಧ್ಯಾಹ್ನ 2ರಿಂದ 4ರ ನಡುವೆ ಪೂರ್ಣ ಲೋಡಿನಲ್ಲಿ ತೆಗೆದ ಥರ್ಮಲ್ ಚಿತ್ರ, ಮೂರು ಫೇಸ್‌ಗಳ ಆಂಪಿಯರ್.

21 ದಿನ ಎಂಬುದು ಎಲೆಕ್ಟ್ರಿಷಿಯನ್ ಕೆಲಸದ ಲೆಕ್ಕವಲ್ಲ. ವೈರು ಎಳೆಯುವುದು ಒಂದು ದಿನದ ಕೆಲಸ. ಎಂಟು ಹಾಸಿಗೆಯಲ್ಲಿ ನಾಲ್ಕನ್ನು ಖಾಲಿ ಮಾಡಿಕೊಳ್ಳುವುದಕ್ಕೆ ಬೇಕಾದ ಸಮಯ ಅದು. ಗಡುವು ಹಾಕುವ ಮುಂಚೆ ಐಸಿಯು ಸಿಸ್ಟರ್‌ನ್ನು ಕೇಳದಿದ್ದರೆ ಆ ದಿನಾಂಕ ಹುಸಿಯಾಗುವುದು ಖಂಡಿತ. ಹಾಗೆಯೇ ಹೊಣೆಯ ಜಾಗದಲ್ಲಿ "ಆಡಳಿತ ಮಂಡಳಿ" ಎಂದು ಬರೆದರೆ ಯಾರೂ ಅಲ್ಲ ಎಂದು ಬರೆದಂತೆ. ಒಂದು ಹುದ್ದೆಯ ಹೆಸರಿರಲಿ.

ಇನ್ನು ಹೊಗೆಯ ದಾರಿ. ಚಿತ್ರದುರ್ಗದ ಕೋಟೆಗೆ ಏಳು ಸುತ್ತು. ಒಂದು ಸುತ್ತು ಬಿದ್ದರೂ ಒಳಗಿನ ಸುತ್ತು ಉಳಿಯಬೇಕು ಎಂಬುದು ಕಟ್ಟಿದವರ ಲೆಕ್ಕ. ಆದರೆ ಹೈದರಾಲಿಯ ಸೈನಿಕರು ನುಸುಳಲು ನೋಡಿದ್ದು ಹೆಬ್ಬಾಗಿಲಲ್ಲಲ್ಲ, ಓಬವ್ವನ ಕಿಂಡಿಯಲ್ಲಿ. ಆಸ್ಪತ್ರೆಯ ಗೋಡೆಗೂ ಅಂಥ ಕಿಂಡಿಗಳಿರುತ್ತವೆ, ಅವು ಕಣ್ಣಿಗೆ ಬೀಳದ ಜಾಗದಲ್ಲಿರುತ್ತವೆ. ಐಸಿಯು ಸುತ್ತಲಿನ ಗೋಡೆ ಫಾಲ್ಸ್ ಸೀಲಿಂಗ್ ತನಕ ಮಾತ್ರ ಏರಿ ನಿಂತಿರುತ್ತದೆ. ಅದರ ಮೇಲೆ ಸ್ಲ್ಯಾಬ್ ತನಕ ಎರಡಡಿ ಖಾಲಿ. ಕೆಳಗೆ ಗಾಜಿನ ಬಾಗಿಲು ಎಷ್ಟೇ ಬಿಗಿಯಾಗಿ ಮುಚ್ಚಿದರೂ ಕಾರಿಡಾರಿನ ಹೊಗೆ ಮೇಲಿನಿಂದ ಐಸಿಯುಗೆ ಇಳಿಯುತ್ತದೆ. ಆಡಿಟ್ ಮಾಡುವವರು ಒಂದು ಏಣಿ ತರಿಸಿ, ಸೀಲಿಂಗ್‌ನ ಒಂದು ಹಲಗೆ ಸರಿಸಿ, ಟಾರ್ಚ್ ಹಾಕಿ ನೋಡಬೇಕು. ಕೆಳಗೆ ನಿಂತು ಬರೆದ ವರದಿಯಲ್ಲಿ ಈ ಸಾಲು ಬರುವುದೇ ಇಲ್ಲ. ನಿಮ್ಮ ವರದಿಯಲ್ಲಿ ಸೀಲಿಂಗ್ ಮೇಲಿನ ಒಂದೂ ಫೋಟೋ ಇಲ್ಲದಿದ್ದರೆ, ಅವರು ಏಣಿ ಹತ್ತಲಿಲ್ಲ ಎಂದೇ ಅರ್ಥ.

ಡಕ್ಟ್ ಪರೀಕ್ಷೆ ಇನ್ನೂ ಸುಲಭ. ಮೇಲಿನ ಮಹಡಿಯ ಡಕ್ಟ್ ಬಾಗಿಲು ತೆರೆದು ದೀಪ ಆರಿಸಿ, ಕೆಳಗಿನ ಮಹಡಿಯಿಂದ ಒಬ್ಬರು ಟಾರ್ಚ್ ಬೆಳಕು ಬಿಡಲಿ. ಬೆಳಕು ಕಂಡಲ್ಲೆಲ್ಲ ಹೊಗೆ ಬರುತ್ತದೆ. ಪ್ರತಿ ಮಹಡಿಯ ಸ್ಲ್ಯಾಬ್ ಮಟ್ಟದಲ್ಲಿ ಕೇಬಲ್ ಸುತ್ತಲಿನ ಜಾಗವನ್ನು 120 ನಿಮಿಷ ಬೆಂಕಿ ತಡೆಯುವ ಸಾಮಗ್ರಿಯಿಂದ ಮುಚ್ಚಬೇಕು: ಫೈರ್ ಸ್ಟಾಪ್ ಗಾರೆ, ಅಥವಾ ರಾಕ್‌ವುಲ್ ಬೋರ್ಡು ಮತ್ತು ಅದರ ಸೀಲಂಟ್. ಇಲ್ಲಿ ನಡೆಯುವ ಮೋಸ ಒಂದೇ ಬಗೆಯದು. ಬಾಗಿಲ ಚೌಕಟ್ಟಿಗೆ ಹೊಡೆಯುವ ಹಳದಿ ನೊರೆಯನ್ನು ಡಬ್ಬಿಯಿಂದ ಊದಿ, ಮುಚ್ಚಿದ್ದೇವೆ ಎಂದು ಫೋಟೋ ಕಳಿಸುತ್ತಾರೆ. ಆ ಸಾಮಾನ್ಯ ನೊರೆ ತಾನೇ ಚೆನ್ನಾಗಿ ಉರಿಯುತ್ತದೆ, ಉರಿದಾಗ ಬರುವ ಹೊಗೆ ವಿಷ. ಆದ್ದರಿಂದ ಸಾಕ್ಷಿಯಾಗಿ ಫೋಟೋ ಒಂದೇ ಸಾಲದು. ಬಳಸಿದ ಸಾಮಗ್ರಿಯ ಪರೀಕ್ಷಾ ಪ್ರಮಾಣಪತ್ರವೂ, ಸೀಲಿನ ಪಕ್ಕ ದಿನಾಂಕದ ಚೀಟಿಯೂ ಬೇಕು. ಇಷ್ಟಾದ ಮೇಲೂ ಆರು ತಿಂಗಳಿಗೆ ಸಿಸಿಟಿವಿಯವನು ಬಂದು ಹೊಸ ಕೇಬಲ್‌ಗೆ ಒಂದು ತೂತು ಕೊರೆದು ಹೋಗುತ್ತಾನೆ. ಡಕ್ಟ್ ಬಾಗಿಲಿನ ಕೀಲಿ ಮೇಂಟೆನೆನ್ಸ್‌ನವರ ಬಳಿಯೇ ಇದ್ದು, ಕೊರೆದವನು ಮುಚ್ಚಿ ತೋರಿಸಿದ ಮೇಲೆ ಬಿಲ್ ಪಾಸಾಗುವಂತೆ ಮಾಡಿದರೆ ಆ ತೊಂದರೆ ಇರುವುದಿಲ್ಲ.

ಡಕ್ಟ್ ಮುಚ್ಚಲು 30 ದಿನ ಕೊಡಬಹುದು. ಅಲ್ಲಿಯ ತನಕ ಏನು? ಡಕ್ಟ್‌ನೊಳಗೆ ತುರುಕಿಟ್ಟ ರಟ್ಟು, ಪೊರಕೆ, ಬಣ್ಣದ ಡಬ್ಬಿ ಅವತ್ತೇ ಹೊರಗೆ ಬರಬೇಕು. ಮೂರನೆಯ ಮಹಡಿಯ ಬಾಗಿಲಿಗೆ ಕ್ಲೋಸರ್ ಎರಡು ದಿನದಲ್ಲಿ ಬೀಳಬೇಕು, ಅದೇನು ದೊಡ್ಡ ಖರ್ಚಲ್ಲ. ಬಾಗಿಲಿಗೆ ಒತ್ತು ಕೊಟ್ಟ ಖಾಲಿ ಸಿಲಿಂಡರ್ ಸರಿಸಲು ಕಾಸೂ ಬೇಡ. ಗಾಳಿಗಾಗಿ ಬಾಗಿಲು ತೆರೆದಿಡಲೇಬೇಕು ಎನ್ನುವವರು, ಅಲಾರಂ ಆದ ಕೂಡಲೇ ತಾನೇ ಬಿಟ್ಟುಕೊಡುವ ಅಯಸ್ಕಾಂತದ ಹಿಡಿಕೆ ಹಾಕಿಸಿಕೊಳ್ಳಲಿ.

ಎರಡನೆಯ ಮೆಟ್ಟಿಲು ಖಾಲಿ ಮಾಡಲು 48 ಗಂಟೆ ಸಾಕು. ಖಾಲಿಯಾದ ಮೇಲೆ ಇನ್ನೊಂದು ಸತ್ಯ ಹೊರಬೀಳುತ್ತದೆ: ಮೆಟ್ಟಿಲ ಕೊನೆಯ ಗ್ರಿಲ್‌ಗೆ ಬೀಗ, ಕೀಲಿ ವಾಚ್‌ಮನ್ ಹತ್ತಿರ, ವಾಚ್‌ಮನ್ ಚಹಾಕ್ಕೆ. ಒಳಗಿನಿಂದ ಒತ್ತಿದರೆ ತೆರೆಯುವ ಅಡ್ಡಪಟ್ಟಿಯ ಬೀಗ ಬರುವ ತನಕ ಅಲ್ಲೊಬ್ಬ ಮನುಷ್ಯ ಕೂರಬೇಕು. ವರದಿಯಲ್ಲಿ ಮೆಟ್ಟಿಲಿನ ಅಗಲವನ್ನು ನಕ್ಷೆ ನೋಡಿ ಬರೆಯಬೇಡಿ, ಕೈಹಿಡಿಯ ಒಳಗಿನ ಅಂತರವನ್ನು ಟೇಪಿನಿಂದ ಅಳೆದು ಬರೆಯಿರಿ. ಕಾರಿಡಾರೂ ಹಾಗೆಯೇ. ಹಾಸಿಗೆ ಸಮೇತ ರೋಗಿಯನ್ನು ಉರುಳಿಸಿಕೊಂಡು ಹೋಗುವ ಕಡೆ 2.4 ಮೀಟರ್ ಬೇಕು. ಎರಡೂ ಕಡೆ ಕುರ್ಚಿ ಸಾಲು ಹಾಕಿದ ಮೇಲೆ ಎಷ್ಟು ಉಳಿಯುತ್ತದೆ ಎಂಬುದೇ ಅಳತೆ.

ಐಸಿಯು ತೆರವಿನ ಲೆಕ್ಕವನ್ನು ಹೆಚ್ಚಿನ ವರದಿಗಳು "ಅಣಕು ಪ್ರದರ್ಶನ ನಡೆಸಿರಿ" ಎಂಬ ಒಂದು ಸಾಲಿನಲ್ಲಿ ಮುಗಿಸುತ್ತವೆ. ಸ್ವಲ್ಪ ಲೆಕ್ಕ ಹಾಕಿ. ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಯನ್ನು ಸರಿಸಲು ಮಂಚ ತಳ್ಳಲು ಇಬ್ಬರು, ಅಂಬು ಬ್ಯಾಗ್ ಒತ್ತಲು ಒಬ್ಬರು, ಒಟ್ಟು ಮೂವರು ಬೇಕು. ರಾತ್ರಿ ಪಾಳಿಯಲ್ಲಿ ಮೂವರು ಸಿಸ್ಟರ್, ಒಬ್ಬ ವಾರ್ಡ್‌ಬಾಯ್. ಅಂದರೆ ಒಮ್ಮೆಗೆ ಒಬ್ಬನೇ ರೋಗಿ. ಕಳಚಿ, ಸಾಗಿಸಿ, ಮರಳಿ ಬರಲು ಮೂರು ನಿಮಿಷ ಎಂದರೂ ಅಂಥ ನಾಲ್ವರಿಗೆ ಹನ್ನೆರಡು ನಿಮಿಷ. ಎಂಟು ಹಾಸಿಗೆಯ ಕೋಣೆಯಲ್ಲಿ ಹೊಗೆ ಅಷ್ಟು ಹೊತ್ತು ಕಾಯುವುದಿಲ್ಲ. ಮೆಟ್ಟಿಲಿಳಿಸುವ ಮಾತಂತೂ ದೂರ. ಆದ್ದರಿಂದ ಮೊದಲ ಸಾಗಣೆ ಅದೇ ಮಹಡಿಯಲ್ಲಿ, ಇನ್ನೊಂದು ಗೋಡೆ ಬಾಗಿಲಿನ ಆಚೆಗೆ, ಇಲ್ಲಿ ಓಟಿ ಕಡೆಗೆ. ಆ ಗೋಡೆ ಸ್ಲ್ಯಾಬ್ ತನಕ ಇರಲೇಬೇಕೆಂದು ಹಟ ಹಿಡಿಯುವುದು ಇದೇ ಕಾರಣಕ್ಕೆ. ಉಳಿದ ಮಹಡಿಗಳಿಂದ ಯಾರು ಓಡಿ ಬರಬೇಕು ಎಂದು ಪಾಳಿಯ ಪಟ್ಟಿಯಲ್ಲೇ ಬರೆದಿರಬೇಕು; ಈ ಕೆಲಸಕ್ಕೆ ಗಡುವು 7 ದಿನ. ಅಣಕು ತೆರವನ್ನು ಹಗಲು ಹನ್ನೊಂದಕ್ಕೆ ಎಲ್ಲರೂ ಇರುವಾಗ ಮಾಡಿದರೆ ಈ ಕೊರತೆ ಕಾಣುವುದೇ ಇಲ್ಲ, ರಾತ್ರಿ ಪಾಳಿಯವರನ್ನಷ್ಟೇ ಇಟ್ಟುಕೊಂಡು ಮಾಡಬೇಕು.

ಆಕ್ಸಿಜನ್ ತಾನು ಉರಿಯುವುದಿಲ್ಲ, ಉರಿಯುವುದನ್ನೆಲ್ಲ ಭಗ್ಗೆನಿಸುತ್ತದೆ. ಗಾಳಿಯಲ್ಲಿ ಶೇ. 21ರಷ್ಟಿರುವುದು 23.5 ದಾಟಿದರೆ ಅದು ಅಪಾಯದ ಮಟ್ಟ. ಮಾಸ್ಕ್ ತೆಗೆದು ಹಾಸಿಗೆಯ ಮೇಲೆ ಹರಿವು ನಿಲ್ಲಿಸದೆ ಇಟ್ಟರೆ ಹೊದಿಕೆಯೊಳಗೆ ಅದು ಸುಲಭವಾಗಿ ದಾಟುತ್ತದೆ. ಐಸಿಯು ಹೊರಗಿನ ಗೋಡೆಯಲ್ಲಿ ಆಕ್ಸಿಜನ್ ನಿಲ್ಲಿಸುವ ವಾಲ್ವ್ ಪೆಟ್ಟಿಗೆ ಇರುತ್ತದೆ. ಅದು ಯಾವ ಹಾಸಿಗೆಗಳದ್ದು ಎಂದು ಮೇಲೆ ಬರೆದಿರಬೇಕು, ಅದರ ಮುಂದೆ ಟ್ರಾಲಿ ನಿಲ್ಲಿಸಬಾರದು, ನಿಲ್ಲಿಸುವ ನಿರ್ಧಾರ ಯಾರದ್ದು ಎಂದು ಗೊತ್ತಿರಬೇಕು. ಅದನ್ನು ತಿರುಗಿಸಿದ ಕ್ಷಣ ಎಂಟೂ ಜನರ ಆಕ್ಸಿಜನ್ ನಿಲ್ಲುತ್ತದೆ. ಹಾಗಾಗಿ ಸಾಗಣೆಗೆ ಚಿಕ್ಕ ಸಿಲಿಂಡರ್ ತುಂಬಿ ಸಿದ್ಧವಿರಬೇಕು. 1,500 ಲೀಟರಿನ ಬಿ ಮಾದರಿ ಸಿಲಿಂಡರ್, ನಿಮಿಷಕ್ಕೆ 10 ಲೀಟರಿನಂತೆ ಎರಡೂವರೆ ಗಂಟೆ ಬರುತ್ತದೆ.

ಪಂಪ್ ರೂಮಿನ ಬಗ್ಗೆ ಒಂದೇ ಮಾತು. ಸ್ವಿಚ್ "ಆಟೋ"ದಲ್ಲಿದೆಯೇ ನೋಡಿ. "ಮ್ಯಾನ್ಯುವಲ್"ನಲ್ಲಿದ್ದರೆ ವಾಚ್‌ಮನ್‌ನನ್ನು ಬೈಯುವ ಮುಂಚೆ ಕಾರಣ ಹುಡುಕಿ. ಎಲ್ಲೋ ಲೈನ್ ಸೋರುತ್ತಿರುತ್ತದೆ, ಒತ್ತಡ ಇಳಿದು ಚಿಕ್ಕ ಜಾಕಿ ಪಂಪ್ ಹತ್ತು ನಿಮಿಷಕ್ಕೊಮ್ಮೆ ಓಡುತ್ತಿರುತ್ತದೆ, ಗದ್ದಲ ತಾಳದೆ ಆತ ತಿರುಗಿಸಿರುತ್ತಾನೆ. ವರದಿಯಲ್ಲಿ ನ್ಯೂನತೆ ಎಂದು ಬರೆಯಬೇಕಾದದ್ದು ಸೋರಿಕೆ. ಸಾಕ್ಷಿ ಎಂದರೆ ಅತಿ ಎತ್ತರದ, ಅತಿ ದೂರದ ಹೈಡ್ರಂಟ್ ತೆರೆದಾಗ ಚದರ ಸೆಂ.ಮೀ.ಗೆ 3.5 ಕೆ.ಜಿ. ಒತ್ತಡ.

ನಂದಕಗಳ ಮೇಲೆ "ಮುಂದಿನ ಪರಿಶೀಲನೆ" ಚೀಟಿಯನ್ನು ನಂಬಬೇಡಿ. ಸಿಒ2 ನಂದಕಕ್ಕೆ ಒತ್ತಡದ ಮಾಪಕವೇ ಇರುವುದಿಲ್ಲ, ತೂಗಿಯೇ ನೋಡಬೇಕು. 4.5 ಕೆ.ಜಿ. ಅನಿಲದಲ್ಲಿ 450 ಗ್ರಾಂಗಿಂತ ಹೆಚ್ಚು ಕಡಿಮೆಯಾಗಿದ್ದರೆ ಮರುತುಂಬಿಸಬೇಕು. ಐಸಿಯು ಒಳಗೆ ಪುಡಿಯ ನಂದಕ ಬೇಡ. ಆ ಪುಡಿ ಎದ್ದರೆ ಉಸಿರಿಗೂ ಕಷ್ಟ, ಮಾನಿಟರ್‌ಗಳೂ ಹೋದವು.

ಕೊನೆಯಲ್ಲಿ ಸಭಿಕರೊಬ್ಬರು ಒಂದು ಪ್ರಶ್ನೆ ಕೇಳಿದರು: "ಕಟ್ಟಡ ಬಾಡಿಗೆಯದು ಸರ್. ಎರಡನೆಯ ಮೆಟ್ಟಿಲೇ ಇಲ್ಲ. ಮಾಲೀಕರು ಕಟ್ಟಿಸಬೇಕು. ಗಡುವು ಯಾರಿಗೆ ಹಾಕ್ತೀರಿ?"

ಶಾಶ್ವತ ಕ್ರಮದ ಸಾಲಿನಲ್ಲಿ ಮಾಲೀಕರ ಕೆಲಸವೆಂದು, ಆರು ತಿಂಗಳೆಂದು ಬರೆಯಬಹುದು. ಅಗ್ನಿಶಾಮಕ ಇಲಾಖೆಯ ಪತ್ರದಲ್ಲಿ ಅದಕ್ಕಿಂತ ಮುಂಚಿನ ದಿನಾಂಕವಿದ್ದರೆ ಆ ದಿನಾಂಕವೇ ಗಡುವು. ಆದರೆ ತಾತ್ಕಾಲಿಕ ಕ್ರಮದ ಹೊಣೆ ಮಾಲೀಕರಿಗೆ ಹೋಗುವುದಿಲ್ಲ, ರೋಗಿಯನ್ನು ಒಳಗೆ ಸೇರಿಸಿಕೊಂಡವರದ್ದೇ ಅದು. ಮೂರನೆಯ ಮಹಡಿಯಲ್ಲಿ ನಡೆಯಲಾಗದವರನ್ನು ಮಲಗಿಸುವುದನ್ನು 72 ಗಂಟೆಯೊಳಗೆ ನಿಲ್ಲಿಸಿ. ಆ ರೂಮುಗಳನ್ನು ಕಚೇರಿಗೆ, ದಾಖಲೆಗೆ ಬೇಡ, ಕಾಗದ ಪೇರಿಸಿದರೆ ಉರಿಯುವ ಸರಕು ಹೆಚ್ಚಾಯಿತು. ಡಾಕ್ಟರುಗಳ ಹಗಲಿನ ಸಮಾಲೋಚನೆಗೆ ಕೊಡಿ. ಕೆಳಗೆ ಹಾಸಿಗೆ ಸಾಲದಿದ್ದರೆ ಒಟ್ಟು ಹಾಸಿಗೆಯ ಸಂಖ್ಯೆಯನ್ನೇ 60ರಿಂದ ಇಳಿಸಿ ನಡೆಸಬೇಕಾಗುತ್ತದೆ. ಆ ಸಾಲಿನ ಹೊಣೆಯ ಕಲಂನಲ್ಲಿ ವೈದ್ಯಕೀಯ ನಿರ್ದೇಶಕರ ಹುದ್ದೆ ಬರೆಯಿರಿ, ಪಕ್ಕದಲ್ಲಿ ಅವರ ಸಹಿ ಪಡೆಯಿರಿ.